ಸಂದರ್ಶನಕ್ಕೆ ಮೊದಲ ಬ್ಲೇಜರ್: ಭುಜ ನೋಡಿ ಆರಿಸಿ, ತೋಳು ನೋಡಿ ತೀರ್ಮಾನಿಸಿ

ಮೊದಲ ಸಲ ಬ್ಲೇಜರ್ ಕೊಳ್ಳುವವರ ಮುಂದೆ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಎರಡು ಅಥವಾ ಮೂರು ಬ್ಲೇಜರು. ಒಂದು ಎದೆಗೆ ಅಚ್ಚುಕಟ್ಟಾಗಿ ಕೂರುತ್ತದೆ, ಭುಜದಲ್ಲಿ ಸ್ವಲ್ಪ ಬಿಗಿ. ಇನ್ನೊಂದು ಭುಜಕ್ಕೆ ಸರಿ, ಆದರೆ ಸೊಂಟದ ಹತ್ತಿರ ಸಡಿಲ, ತೋಳು ಅಂಗೈವರೆಗೆ ಇಳಿದಿದೆ. ಕನ್ನಡಿಯಲ್ಲಿ ಮೊದಲನೆಯದೇ ಚೆನ್ನಾಗಿ ಕಾಣುತ್ತದೆ, ಕೈ ಅದರತ್ತಲೇ ಹೋಗುತ್ತದೆ. ಕೊಳ್ಳಬೇಕಾದದ್ದು ಎರಡನೆಯದು. ಸೊಂಟದ ಸಡಿಲವನ್ನೂ ತೋಳಿನ ಉದ್ದವನ್ನೂ ಯಾವ ಟೈಲರ್ ಬೇಕಾದರೂ ಸರಿಮಾಡಬಲ್ಲರು. ಬಿಗಿಯಾದ ಭುಜವನ್ನು ಅಗಲಮಾಡುವುದು ಅವರಿಂದಲೂ ಆಗುವುದಿಲ್ಲ.

ಹಾಗೇಕೆ ಎಂದು ತಿಳಿಯಲು ಬ್ಲೇಜರಿನ ಭುಜ ಹೇಗೆ ಕಟ್ಟಲ್ಪಟ್ಟಿರುತ್ತದೆ ಎಂದು ನೋಡಬೇಕು. ಶರ್ಟಿನ ಭುಜ ಎಂದರೆ ಎರಡು ತುಂಡು ಬಟ್ಟೆ ಸೇರಿಸಿದ ಹೊಲಿಗೆ, ಅಷ್ಟೆ. ಬ್ಲೇಜರಿನ ಭುಜದೊಳಗೆ ಪ್ಯಾಡ್ ಇರುತ್ತದೆ, ಅದರ ಕೆಳಗೆ ಎದೆಯ ಭಾಗಕ್ಕೆ ಬಿಗುವು ಕೊಡುವ ಒಳಪದರ, ತೋಳಿನ ತಲೆಗೆ ದುಂಡು ಆಕಾರ ಕೊಡುವ ಒಂದು ಪಟ್ಟಿ, ಇವೆಲ್ಲವನ್ನೂ ಮುಚ್ಚುವ ಲೈನಿಂಗ್. ತೋಳಿನ ತಲೆಯ ಸುತ್ತಳತೆ ಅದು ಸೇರುವ ಕಂಕುಳಿನ ವೃತ್ತಕ್ಕಿಂತ ಒಂದಿಷ್ಟು ಹೆಚ್ಚಿಟ್ಟು, ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಕಾಣದಂತೆ ಒಳಗೆ ಕುಗ್ಗಿಸಿ ಹೊಲಿದಿರುತ್ತಾರೆ. ಭುಜವನ್ನು ಮುಟ್ಟಬೇಕೆಂದರೆ ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ವೃತ್ತವನ್ನು ಮತ್ತೆ ಕತ್ತರಿಸಬೇಕು, ಮತ್ತೆ ಎಲ್ಲವನ್ನೂ ಕೂರಿಸಬೇಕು. ಕೈಪಳಗಿದ ಟೈಲರ್ ಒಂದೊಂದು ಬದಿಗೆ 1ರಿಂದ 1.5 ಸೆಂ.ಮೀ. ಕಿರಿದಾಗಿಸಬಹುದು. ಅಗಲಮಾಡುವುದಕ್ಕೆ ಬಟ್ಟೆಯೇ ಇರುವುದಿಲ್ಲ. ಹೊಲಿಗೆಯೊಳಗೆ ಉಳಿದಿರುವ ಸುಮಾರು ಒಂದು ಸೆಂ.ಮೀ. ಅಂಚು ಹೊಲಿಗೆ ಹಿಡಿದು ನಿಲ್ಲುವುದಕ್ಕೇ ಬೇಕು.

ಅಂಗಡಿಗೆ ಹೋಗುವ ಮೊದಲು ಮೂರು ಅಳತೆ

ಮೂರು ಅಳತೆ ಬರೆದಿಟ್ಟುಕೊಂಡರೆ ಸಾಕು. ಅಳೆಯಲು ಇನ್ನೊಬ್ಬರು ಬೇಕು, ಏಕೆಂದರೆ ತಾನೇ ಅಳೆದುಕೊಳ್ಳುವಾಗ ಭುಜ ಮೇಲೇಳುತ್ತದೆ, ಅಳತೆ ತಪ್ಪುತ್ತದೆ.

ಮೊದಲನೆಯದು ಭುಜದ ಅಗಲ. ಭುಜದ ಮೂಳೆಯ ತುದಿ ಎಲ್ಲಿದೆ ಎಂದು ಗುರುತಿಸಲು ಕೈಯನ್ನು ಪಕ್ಕಕ್ಕೆ ನೆಲಕ್ಕೆ ಸಮವಾಗಿ ಎತ್ತಿ. ಭುಜದ ಮೇಲೆ, ಮೂಳೆ ಮುಗಿದು ಮಾಂಸಖಂಡ ಶುರುವಾಗುವಲ್ಲಿ ಒಂದು ಸಣ್ಣ ತಗ್ಗು ಬೀಳುತ್ತದೆ. ಅಲ್ಲಿ ಬೆರಳಿಟ್ಟು ಕೈ ಇಳಿಸಿ. ಆ ಬಿಂದುವೇ ತುದಿ. ಒಂದು ತುದಿಯಿಂದ, ಬೆನ್ನಿನ ಮೇಲ್ಭಾಗದಲ್ಲಿ ಕತ್ತಿನ ಬುಡದ ಮೂಳೆಯನ್ನು ಮುಟ್ಟಿಕೊಂಡು, ಇನ್ನೊಂದು ತುದಿಯವರೆಗೆ ಟೇಪ್ ಹಾಯಿಸಿ. ಕತ್ತಿನ ಬುಡದ ಮೂಳೆ ಎಂದರೆ ತಲೆ ಬಗ್ಗಿಸಿದಾಗ ಹಿಂದೆ ಗಂಟಿನಂತೆ ಎದ್ದು ಕಾಣುವುದು.

ಎರಡನೆಯದು ಆ ಕತ್ತಿನ ಮೂಳೆಯಿಂದ ಭುಜದ ತುದಿಯ ಮೇಲೆ ಹಾದು, ಮಣಿಕಟ್ಟಿನ ಹೊರಬದಿಯಲ್ಲಿ ಉಬ್ಬಿರುವ ಮೂಳೆಯವರೆಗಿನ ಉದ್ದ. ಕೈ ಸಹಜವಾಗಿ ಇಳಿಬಿದ್ದಿರಬೇಕು, ಮೊಣಕೈಯಲ್ಲಿ ಇರುವ ಸಣ್ಣ ಬಾಗು ಹಾಗೆಯೇ ಇರಲಿ. ಎಡ ಮತ್ತು ಬಲ ಎರಡನ್ನೂ ಅಳೆಯಿರಿ. ಎರಡೂ ಒಂದೇ ಆಗಿರುವವರು ಕಡಿಮೆ, ಅರ್ಧ ಸೆಂ.ಮೀ. ವ್ಯತ್ಯಾಸ ತೀರ ಸಾಮಾನ್ಯ.

ಮೂರನೆಯದು ಎದೆಯ ಸುತ್ತಳತೆ, ಕಂಕುಳ ಕೆಳಗೆ ಅತ್ಯಂತ ಅಗಲವಾದ ಜಾಗದಲ್ಲಿ, ತೆಳು ಬಟ್ಟೆಯ ಮೇಲೆ, ಟೇಪ್ ನೆಲಕ್ಕೆ ಸಮನಾಗಿ. ಗಂಡಸರ ಬ್ಲೇಜರಿನ ಪಟ್ಟಿಯ ಮೇಲಿರುವ 38, 40 ಎಂಬ ಸಂಖ್ಯೆ ಸಾಮಾನ್ಯವಾಗಿ ಇಂಚಿನಲ್ಲಿರುವ ಎದೆಯ ಅಳತೆ. 48, 50 ಎಂದಿದ್ದರೆ ಅದು ಯುರೋಪಿನ ಲೆಕ್ಕ, ಅದರಲ್ಲಿ 10 ಕಳೆದರೆ ಇಂಚಿನ ಸೈಜ್ ಸಿಗುತ್ತದೆ. ಈ ಸಂಖ್ಯೆ ಭುಜದ ಬಗ್ಗೆ ಏನೂ ಹೇಳುವುದಿಲ್ಲ. ಒಂದೇ 40ರಲ್ಲಿ ಬೇರೆ ಬೇರೆ ಕಂಪನಿಗಳ ಭುಜ ಎರಡು ಸೆಂ.ಮೀ.ವರೆಗೂ ಹೆಚ್ಚು ಕಡಿಮೆ ಇರಬಹುದು. ಆದ್ದರಿಂದ ಟೇಪ್ ಜೇಬಿನಲ್ಲಿರಲಿ. ಬ್ಲೇಜರನ್ನು ಬೆನ್ನು ಮೇಲೆ ಬರುವಂತೆ ಮೇಜಿನ ಮೇಲೆ ಹರಡಿ, ಒಂದು ತೋಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಅಳೆದರೆ ಭುಜ ಸಿಗುತ್ತದೆ. ಭುಜದ ಹೊಲಿಗೆಯಿಂದ ಕಫಿನ ಅಂಚಿನವರೆಗೆ ಅಳೆದರೆ ತೋಳು.

ಭುಜ ಸರಿ ಇದೆಯೇ ಎಂದು ನೋಡುವುದು

ಸಂದರ್ಶನಕ್ಕೆ ಹಾಕುವ ಶರ್ಟನ್ನೇ ತೊಟ್ಟು ಹೋಗಿ. ಟೀ ಶರ್ಟಿನ ಮೇಲೆ ಹಾಕಿ ನೋಡಿದರೆ ಕಾಲರ್ ಹೇಗೆ ಕೂರುತ್ತದೆ ಎಂದು ತಿಳಿಯುವುದಿಲ್ಲ, ದಪ್ಪ ಸ್ವೆಟರಿನ ಮೇಲೆ ನೋಡಿದರೆ ಒಂದು ಸೈಜ್ ದೊಡ್ಡದು ಮನೆಗೆ ಬರುತ್ತದೆ. ಜೇಬಿನಿಂದ ಫೋನು, ಪರ್ಸು ತೆಗೆದಿಡಿ. ಬ್ಲೇಜರ್ ಹಾಕಿ, ಮೇಲಿನ ಗುಂಡಿ ಒಂದನ್ನೇ ಹಾಕಿ (ಮೂರು ಗುಂಡಿಯದಾದರೆ ನಡುವಿನದು), ಕೈ ಇಳಿಬಿಟ್ಟು ನಿಲ್ಲಿ. ಎದೆ ಉಬ್ಬಿಸಬೇಡಿ. ಕನ್ನಡಿ ಮುಂದೆ ಎಲ್ಲರೂ ಉಬ್ಬಿಸುತ್ತಾರೆ, ಸಂದರ್ಶನದ ಕುರ್ಚಿಯಲ್ಲಿ ಯಾರೂ ಹಾಗೆ ಕೂರುವುದಿಲ್ಲ.

ತೋಳು ಭುಜಕ್ಕೆ ಸೇರುವ ಹೊಲಿಗೆ ಮೂಳೆಯ ತುದಿಯ ಮೇಲೆ, ಅಥವಾ ಅದಕ್ಕಿಂತ ಕೆಲವೇ ಮಿಲಿಮೀಟರ್ ಹೊರಗೆ ಬರಬೇಕು. ಅಲ್ಲಿಂದ ತೋಳು ತಡೆಯಿಲ್ಲದೆ ನೇರವಾಗಿ ಕೆಳಗಿಳಿಯಬೇಕು.

ಅಗಲ ಹೆಚ್ಚಿದ್ದರೆ ಪ್ಯಾಡ್ ಮೂಳೆಯನ್ನು ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಅದರ ಕೆಳಗೆ ತೋಳಿಗೆ ಆಸರೆ ಇರುವುದಿಲ್ಲ, ಹಾಗಾಗಿ ಹೊಲಿಗೆಯಿಂದ ಎರಡು ಮೂರು ಬೆರಳು ಕೆಳಗೆ ಬಟ್ಟೆ ಗುಳಿ ಬೀಳುತ್ತದೆ. ಗುಳಿ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಗೋಡೆಯ ಪಕ್ಕ ನಿಂತು, ಪಾದ ಅಲುಗಿಸದೆ ಗೋಡೆಯ ಕಡೆಗೆ ನಿಧಾನವಾಗಿ ವಾಲಿ. ನಿಮ್ಮ ಮೇಲ್ತೋಳಿಗಿಂತ ಮೊದಲು ಪ್ಯಾಡ್ ಗೋಡೆಗೆ ತಾಗಿದರೆ ಭುಜ ಅಗಲ.

ಕಿರಿದಾಗಿದ್ದರೆ ಗುರುತು ಬೇರೆ. ಹೊಲಿಗೆ ಮೂಳೆಯ ಒಳಗೇ ನಿಂತಿರುತ್ತದೆ, ಅದರ ಕೆಳಗೆ ಮೇಲ್ತೋಳಿನ ಮಾಂಸಖಂಡ ತೋಳಿನ ಬಟ್ಟೆಯನ್ನು ಹೊರಕ್ಕೆ ತಳ್ಳಿ ಉಬ್ಬು ಕಾಣುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ, ಒಂದು ಕಂಕುಳಿಂದ ಇನ್ನೊಂದರತ್ತ, ಎಳೆದ ಅಡ್ಡ ಗೆರೆಗಳು ಬೀಳುತ್ತವೆ. ಸ್ಥಿರವಾಗಿ ನಿಂತಾಗ ಈ ಗೆರೆಗಳು ಮರೆಯಾಗಿಬಿಡಬಹುದು. ಆದ್ದರಿಂದ ಕೈಕುಲುಕುವವರಂತೆ ಬಲಗೈ ಮುಂದೆ ಚಾಚಿ, ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಕುಳಿತು ನೋಡಿ. ಭುಜದ ತುದಿಯಲ್ಲಿ ಒತ್ತಿ ಹಿಡಿದಂತಾದರೆ ಆ ಬ್ಲೇಜರ್ ನಿಮ್ಮದಲ್ಲ. ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊಣಕೈ ಸಡಿಲವಾದೀತು, ಭುಜದ ಅಗಲ ಬೆಳೆಯುವುದಿಲ್ಲ.

ಅಗಲ ಸರಿಯಿದ್ದೂ ಇಳಿಜಾರು ಹೊಂದದಿರುವುದುಂಟು. ಇದನ್ನು ಮುಂದಿನಿಂದಲ್ಲ, ಕತ್ತಿನ ಹಿಂದೆ ನೋಡಬೇಕು, ಹಾಗಾಗಿ ಜೊತೆಗಿರುವವರಿಗೆ ಒಂದು ಫೋಟೊ ತೆಗೆಯಲು ಹೇಳಿ. ಬ್ಲೇಜರಿನ ಕಾಲರ್ ಶರ್ಟಿನ ಕಾಲರಿಗೆ ಅಂಟಿಕೊಂಡಿರಬೇಕು, ಮೇಲೆ ಶರ್ಟಿನ ಕಾಲರ್ ಒಂದು, ಒಂದೂವರೆ ಸೆಂ.ಮೀ. ಕಾಣಬೇಕು. ಕಾಲರಿನ ಕೆಳಗೇ ಅಡ್ಡಲಾಗಿ ಒಂದು ದಪ್ಪ ಮಡಿಕೆ ಬಿದ್ದಿದ್ದರೆ ನಿಮ್ಮ ಭುಜ ಬ್ಲೇಜರಿನ ಭುಜಕ್ಕಿಂತ ಎತ್ತರ, ಚೌಕ. ಕಾಲರ್ ಬಿಚ್ಚಿ ಹೆಚ್ಚಿನ ಬಟ್ಟೆ ತೆಗೆದು ಸ್ವಲ್ಪ ಕೆಳಗೆ ಕೂರಿಸಿದರೆ ಇದು ಹೋಗುತ್ತದೆ, ಟೈಲರಿಗೆ ಪರಿಚಿತ ಕೆಲಸ. ಕತ್ತಿನ ಬುಡದಿಂದ ಕಂಕುಳ ಕಡೆಗೆ ಓರೆ ಮಡಿಕೆಗಳು ಇಳಿದಿದ್ದರೆ ನಿಮ್ಮ ಭುಜ ಹೆಚ್ಚು ಇಳಿಜಾರು. ಪ್ಯಾಡಿಗೆ ಇನ್ನೊಂದು ತೆಳು ಪದರ ಸೇರಿಸಿದರೆ ಬಹುಪಾಲು ಸರಿಹೋಗುತ್ತದೆ. ಮಡಿಕೆ ಒಂದೇ ಬದಿಯಲ್ಲಿದ್ದರೆ ಆ ಬದಿಯ ಭುಜ ತಗ್ಗು ಎಂದರ್ಥ, ಪದರವನ್ನು ಆ ಬದಿಗೆ ಮಾತ್ರ ಸೇರಿಸಿದರಾಯಿತು. ಆದರೆ ಕಾಲರ್ ಕತ್ತಿನಿಂದ ದೂರ ಸರಿದು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆನ್ನು ಬಿಗಿಯಾಗಿರಬಹುದು, ನಿಮ್ಮ ನಿಲುವು ಮುಂದಕ್ಕೆ ಬಾಗಿರಬಹುದು, ಭುಜದ ಕೋನವೇ ಬೇರೆಯಿರಬಹುದು. ಕಾರಣ ಯಾವುದೆಂದು ಅಂಗಡಿಯಲ್ಲೇ ಪತ್ತೆಯಾಗುವುದು ಕಷ್ಟ, ರಿಪೇರಿಯೂ ಕಷ್ಟ. ಬೇರೆ ಕಟ್ಟಿನ ಬ್ಲೇಜರ್ ಹಾಕಿ ನೋಡುವುದೇ ಬೇಗ ಮುಗಿಯುವ ದಾರಿ.

ಇನ್ನೊಂದು, ಕಂಕುಳು. ಕಂಕುಳ ವೃತ್ತ ಬಹಳ ಕೆಳಗಿಳಿದಿದ್ದರೆ ಕೈ ಎತ್ತಿದಾಗ ತೋಳಿನ ಜೊತೆಗೆ ಇಡೀ ಬ್ಲೇಜರ್ ಮೇಲೇಳುತ್ತದೆ, ಭುಜ ಕಿವಿಯತ್ತ ಹೋಗುತ್ತದೆ. ಕೈಗೆ ಸ್ವಾತಂತ್ರ್ಯ ಸಿಗಲಿ ಎಂದು ದೊಡ್ಡ ಕಂಕುಳಿನದನ್ನು ಆರಿಸುವವರಿದ್ದಾರೆ, ಆಗುವುದು ಅದಕ್ಕೆ ತದ್ವಿರುದ್ಧ. ಒತ್ತದೆ, ಕಂಕುಳಿಗೆ ಹತ್ತಿರವಿರುವ ವೃತ್ತವೇ ಕೈ ಆಡಿಸಲು ಅನುಕೂಲ. ಇದನ್ನೂ ಕೊಂಡ ಮೇಲೆ ಬದಲಾಯಿಸಲಾಗುವುದಿಲ್ಲ, ಏಕೆಂದರೆ ಕತ್ತರಿಸಿ ಹೋದ ಬಟ್ಟೆಯನ್ನು ಮೇಲಕ್ಕೆ ಸೇರಿಸುವುದು ಎಲ್ಲಿಂದ?

ತೋಳಿನ ಉದ್ದ

ಬ್ಲೇಜರಿನ ತೋಳು ಮಣಿಕಟ್ಟಿನ ಉಬ್ಬು ಮೂಳೆಯ ಮೇಲೆ ಮುಗಿಯಬೇಕು. ಶರ್ಟಿನ ತೋಳು ಇನ್ನೂ ಸ್ವಲ್ಪ ಮುಂದೆ, ಹೆಬ್ಬೆರಳಿನ ಬುಡಕ್ಕೆ ಹತ್ತಿರ ಬಂದಿರಬೇಕು. ಆಗ ಬ್ಲೇಜರಿನ ಅಂಚಿನಾಚೆ ಶರ್ಟಿನ ಕಫ್ 1ರಿಂದ 1.5 ಸೆಂ.ಮೀ. ಕಾಣುತ್ತದೆ. ಮೊದಲು ಶರ್ಟಿನ ತೋಳು ಸರಿಯಿದೆಯೇ ನೋಡಿಕೊಳ್ಳಿ. ಶರ್ಟ್ ಗಿಡ್ಡವಿದ್ದು, ಕಫ್ ಕಾಣಲೆಂದು ಬ್ಲೇಜರಿನ ತೋಳನ್ನು ಅದಕ್ಕೆ ತಕ್ಕಂತೆ ಕತ್ತರಿಸಿದರೆ ಎರಡೂ ಗಿಡ್ಡವಾಗುತ್ತವೆ, ಮುಂದೆ ಸರಿಯಾದ ಶರ್ಟ್ ತೊಟ್ಟ ದಿನ ಕಫ್ ಮೂರು ಸೆಂ.ಮೀ. ಹೊರಗೆ ಇಣುಕುತ್ತದೆ.

ಕೈ ಮುಂದೆ ಚಾಚಿದಾಗ, ಮೊಣಕೈ ಮಡಿಸಿದಾಗ ತೋಳು ಎರಡು ಮೂರು ಸೆಂ.ಮೀ. ಹಿಂದೆ ಸರಿಯುವುದು ಸಹಜ. ಅದನ್ನು ಕಂಡು ತೋಳು ಉದ್ದ ಬೇಕೆಂದುಕೊಳ್ಳಬೇಡಿ. ಐದು ಸೆಂ.ಮೀ. ದಾಟಿ ಹಿಂದೆ ಸರಿದರೆ ತಪ್ಪು ತೋಳಿನಲ್ಲಿಲ್ಲ. ಮೇಲೆ ಹೇಳಿದ ಕಂಕುಳು ಅಥವಾ ಕಿರಿದಾದ ಭುಜ ತೋಳನ್ನು ಎಳೆದುಕೊಳ್ಳುತ್ತಿದೆ.

ಗಮನಿಸಬೇಕಾದ ಸಂಗತಿ ಎಂದರೆ ಭುಜ ಮತ್ತು ತೋಳು ಎರಡು ಬೇರೆ ಬೇರೆ ಅಳತೆಗಳಲ್ಲ. ಭುಜದ ಹೊಲಿಗೆ ಒಂದು ಸೆಂ.ಮೀ. ಹೊರಗೆ ಕೂತರೆ ಅದೇ ಉದ್ದದ ತೋಳು ಒಂದು ಸೆಂ.ಮೀ. ಕೆಳಗೆ ಇಳಿಯುತ್ತದೆ. ಒಳಗೆ ಕೂತರೆ ಅಷ್ಟೇ ಮೇಲೇರುತ್ತದೆ. ಅದಕ್ಕಾಗಿಯೇ ಕತ್ತಿನ ಮೂಳೆಯಿಂದ ಮಣಿಕಟ್ಟಿನವರೆಗೆ ಅಳೆಯಲು ಹೇಳಿದ್ದು. ಬ್ಲೇಜರಿನ ಭುಜದ ಅರ್ಧ ಮತ್ತು ತೋಳಿನ ಉದ್ದ ಕೂಡಿಸಿ, ನಿಮ್ಮ ಆ ಅಳತೆಯ ಜೊತೆ ಹೋಲಿಸಿದರೆ ಹಾಕಿ ನೋಡುವ ಮೊದಲೇ ಎಷ್ಟು ಕತ್ತರಿಸಬೇಕಾದೀತು ಎಂದು ತಿಳಿಯುತ್ತದೆ.

ಎಷ್ಟು ಕತ್ತರಿಸಲು ಸಾಧ್ಯ ಎಂಬುದನ್ನು ಕಫಿನ ಗುಂಡಿಗಳು ತೀರ್ಮಾನಿಸುತ್ತವೆ. ಇದು ಮೊದಲ ಸಲ ಕೊಳ್ಳುವವರ ಕಣ್ಣಿಗೆ ಬೀಳದ ವಿಷಯ. ತೋಳಿನ ತುದಿ ತಿರುಗಿಸಿ ನೋಡಿ. ಗುಂಡಿಗಳನ್ನು ಬರಿದೆ ಬಟ್ಟೆಯ ಮೇಲೆ ಹೊಲಿದಿದ್ದು, ಕಾಜಾ ಇಲ್ಲದಿದ್ದರೆ ನಿಮಗೆ ಅತ್ಯಂತ ಅನುಕೂಲ. ಟೈಲರ್ ಗುಂಡಿ ಕಿತ್ತು, ಅಂಚು ಮೇಲಕ್ಕೆ ಮಡಿಸಿ, ಗುಂಡಿಗಳನ್ನು ಅಷ್ಟೇ ಮೇಲಕ್ಕೆ ಸರಿಸಿ ಹೊಲಿಯುತ್ತಾರೆ, ಹಳೆಯ ಗುರುತು ಉಳಿಯುವುದಿಲ್ಲ. ಕಾಜಾದ ದಾರ ಕಟ್ಟಿದ್ದು, ಬಟ್ಟೆ ಸೀಳದೆ ಬಿಟ್ಟಿದ್ದರೆ ಅದು ತೋರಿಕೆಯ ಕಾಜಾ. ದಾರ ಬಿಚ್ಚಬಹುದು, ಆದರೆ ನುಣುಪಾದ ಬಟ್ಟೆಯಲ್ಲಿ ಸೂಜಿಯ ತೂತುಗಳು ಕಾಣುತ್ತವೆ. ಕಾಜಾ ನಿಜವಾಗಿ ಸೀಳಿದ್ದು, ಗುಂಡಿ ಬಿಚ್ಚಿ ಹಾಕುವಂತಿದ್ದರೆ ಕಾಜಾವನ್ನು ಸರಿಸಲು ಸಾಧ್ಯವೇ ಇಲ್ಲ. ಕೊನೆಯ ಗುಂಡಿ ಸಾಮಾನ್ಯವಾಗಿ ಅಂಚಿನಿಂದ ಮೂರೂವರೆ ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಕೆಳಗಿನಿಂದ ಒಂದು ಸೆಂ.ಮೀ. ಕತ್ತರಿಸಿದರೆ ಪರವಾಗಿಲ್ಲ, ಎರಡು ಕತ್ತರಿಸಿದರೆ ಗುಂಡಿ ಅಂಚಿಗೆ ಒತ್ತಿಕೊಂಡು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ತೋಳನ್ನು ಭುಜದ ಹತ್ತಿರ ಬಿಚ್ಚಿ ಮೇಲಿನಿಂದ ಗಿಡ್ಡಮಾಡಬೇಕು. ಅದು ಭುಜದ ಕೆಲಸದಷ್ಟೇ ದುಬಾರಿ, ಅಷ್ಟೇ ನಾಜೂಕು. ಬಿಚ್ಚಿ ಹಾಕುವ ಗುಂಡಿ ಉತ್ತಮ ದರ್ಜೆಯ ಗುರುತು ಎಂದು ಮಾರುವವರು ಹೇಳಬಹುದು. ತೋಳು ಮೊದಲೇ ಅಳತೆಗೆ ಸರಿಯಾಗಿದ್ದವರಿಗೆ ಅದು ಸರಿ, ಉಳಿದವರಿಗೆ ಅದೊಂದು ಅಡ್ಡಿ.

ಉದ್ದಮಾಡುವುದು ಇನ್ನೂ ಕಷ್ಟ. ತೋಳಿನೊಳಗೆ ಮಡಿಸಿಟ್ಟ ಬಟ್ಟೆ ಎಷ್ಟಿದೆ ಎಂದು ಬೆರಳಿನಿಂದ ಒತ್ತಿ ನೋಡಿ. ನಾಲ್ಕು ಸೆಂ.ಮೀ. ಇದ್ದರೆ ಎರಡು, ಎರಡೂವರೆ ಬಿಡಿಸಬಹುದು. ಹಳೆಯ ಮಡಿಕೆಯ ಗೆರೆ ಇಸ್ತ್ರಿಗೆ ಹೋಗದೆ ಉಳಿಯುವ ಅಪಾಯ ಇದ್ದೇ ಇದೆ, ಸಿಂಥೆಟಿಕ್ ಬೆರೆತ ಬಟ್ಟೆಯಲ್ಲಿ ಹೆಚ್ಚು. ಹಾಗಾಗಿ ಎರಡರ ನಡುವೆ ತೊಳಲಾಟವಿದ್ದರೆ ಉದ್ದ ತೋಳಿನದನ್ನೇ ತೆಗೆದುಕೊಳ್ಳಿ.

ಮೂರು ಬ್ಲೇಜರು, ಒಬ್ಬರ ಮೈ

ಒಬ್ಬ ಅಭ್ಯರ್ಥಿಯ ಅಳತೆ ಹೀಗಿದೆ ಎಂದಿಟ್ಟುಕೊಳ್ಳೋಣ: ಎದೆ 98 ಸೆಂ.ಮೀ., ಭುಜ 45, ಕತ್ತಿನ ಮೂಳೆಯಿಂದ ಮಣಿಕಟ್ಟಿಗೆ 83.5. ಹಾಕಿ ನೋಡಿದ್ದರಲ್ಲಿ ಮೂರು ಉಳಿದಿವೆ. ಅವುಗಳ ಅಳತೆ ಸೆಂ.ಮೀ.ನಲ್ಲಿ:

| | ಮೊದಲನೆಯದು (38) | ಎರಡನೆಯದು (40) | ಮೂರನೆಯದು (40, ಸ್ಲಿಮ್) |
|---|---|---|---|
| ಭುಜ | 43 | 45.5 | 45.5 |
| ಎದೆಯ ಸುತ್ತ | 104 | 110 | 106 |
| ತೋಳು | 62 | 63.5 | 63 |
| ಅರ್ಧ ಭುಜ + ತೋಳು | 83.5 | 86.25 | 85.75 |
| ಕಫಿನ ಗುಂಡಿ | ಕಾಜಾ ಇಲ್ಲ | ಕಾಜಾ ಇಲ್ಲ | ಸೀಳಿದ ಕಾಜಾ |

ಮೊದಲನೆಯದರ ತೋಳಿನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ. 83.5ಕ್ಕೆ 83.5. ಎದೆಗೂ ಮೈಗೂ ನಡುವೆ ಆರು ಸೆಂ.ಮೀ. ಇದೆ, ಬಿಗಿ ಕಟ್ಟಿಗೆ ಅದು ಸಾಕು. ಕನ್ನಡಿಯಲ್ಲಿ ಇದೇ ಗೆಲ್ಲುತ್ತದೆ. ಆದರೆ ಭುಜ ಒಂದೊಂದು ಬದಿಗೆ ಒಂದು ಸೆಂ.ಮೀ. ಒಳಗಿದೆ. ಮೇಜಿನ ಮೇಲೆ ಕೈಯಿಟ್ಟ ಕೂಡಲೇ ಬೆನ್ನು ಎಳೆಯುತ್ತದೆ, ತೋಳು ಮಣಿಕಟ್ಟು ಬಿಟ್ಟು ಮೇಲೇರುತ್ತದೆ, ಅರ್ಧ ಗಂಟೆ ಕುಳಿತರೆ ಭುಜ ನೋಯುತ್ತದೆ. ಇದಕ್ಕೆ ಪರಿಹಾರವಿಲ್ಲ. ಬಿಡಬೇಕು.

ಮೂರನೆಯದರ ಭುಜ ಸರಿ, ಎದೆಯೂ ಸರಿ. ತೋಳು 2.25 ಸೆಂ.ಮೀ. ಹೆಚ್ಚು. ಕಾಜಾ ಸೀಳಿರುವುದರಿಂದ ಕೆಳಗಿನಿಂದ ಅಷ್ಟು ಕತ್ತರಿಸಿದರೆ ಕೊನೆಯ ಗುಂಡಿಗೂ ಅಂಚಿಗೂ ನಡುವೆ ಒಂದೂಕಾಲು ಸೆಂ.ಮೀ. ಮಾತ್ರ ಉಳಿಯುತ್ತದೆ. ಒಂದು ಸೆಂ.ಮೀ. ಮಾತ್ರ ಕತ್ತರಿಸಿ ಬಿಟ್ಟರೆ ತೋಳು ಶರ್ಟಿನ ಕಫನ್ನು ಮುಚ್ಚುತ್ತದೆ. ಮೇಲಿನಿಂದ ಗಿಡ್ಡಮಾಡಿಸಬಹುದು, ಆದರೆ ಸರಿಯಾಗಿ ಕೂತಿರುವ ಭುಜವನ್ನು ಬಿಚ್ಚಿಸಿ ಮತ್ತೆ ಹಾಗೆಯೇ ಕೂರೀತೆಂಬ ಭರವಸೆಯ ಮೇಲೆ ನಿಲ್ಲಬೇಕು. ಸಂದರ್ಶನ ಹತ್ತಿರವಿರುವಾಗ ಆ ಭರವಸೆ ಬೇಡ.

ಎರಡನೆಯದು ಹಾಕಿದ ಕ್ಷಣದಲ್ಲಿ ಮೂರರಲ್ಲಿ ಅತ್ಯಂತ ಸಪ್ಪೆಯಾಗಿ ಕಾಣುವುದು. ಸೊಂಟ ಸಡಿಲ, ತೋಳು 2.75 ಸೆಂ.ಮೀ. ಉದ್ದ. ಆದರೆ ಮಾಡಬೇಕಾದ ಕೆಲಸ ಎರಡೇ: ತೋಳನ್ನು ಕೆಳಗಿನಿಂದ ಗಿಡ್ಡಮಾಡಿ ಗುಂಡಿಗಳನ್ನು ಅಷ್ಟೇ ಮೇಲೆ ಸರಿಸುವುದು, ಪಕ್ಕದ ಹೊಲಿಗೆಗಳಲ್ಲಿ ಒಟ್ಟು ನಾಲ್ಕು ಸೆಂ.ಮೀ. ಹಿಡಿಯುವುದು. ಎರಡೂ ದಿನನಿತ್ಯದ ಆಲ್ಟರೇಷನ್. ಕೊಳ್ಳಬೇಕಾದದ್ದು ಇದನ್ನೇ. ಪಕ್ಕದಲ್ಲಿ ಹಿಡಿಯುವುದಕ್ಕೂ ಮಿತಿಯಿದೆ, ಒಟ್ಟು ಐದಾರು ಸೆಂ.ಮೀ. ದಾಟಿದರೆ ಜೇಬುಗಳು ಬೆನ್ನಿನ ಕಡೆಗೆ ಸರಿದಂತೆ ಕಾಣುತ್ತವೆ. ಇಲ್ಲಿ ಆ ಮಿತಿಯೊಳಗೇ ಇದ್ದೇವೆ.

ಲೆಕ್ಕದಲ್ಲಿ ಬಂದ 2.75ನ್ನು ಟೈಲರಿಗೆ ಹೇಳಿ ಬಂದುಬಿಡಬೇಡಿ. ಮೊದಲು ಸೊಂಟ, ಪ್ಯಾಡ್, ಕಾಲರ್ ಏನಾದರೂ ಇದ್ದರೆ ಅದನ್ನು ಪಿನ್ ಮಾಡಿಸಿ, ಕೊನೆಗೆ ತೋಳು. ಪ್ಯಾಡಿಗೆ ಒಂದು ಪದರ ಸೇರಿಸಿದರೂ ತೋಳು ತುಸು ಮೇಲೇರುತ್ತದೆ. ಎಡಗೈ, ಬಲಗೈ ಎರಡಕ್ಕೂ ಬೇರೆ ಬೇರೆಯಾಗಿ ಪಿನ್ ಚುಚ್ಚಿಸಿ. ಒಂದಕ್ಕೆ ಚುಚ್ಚಿ ಅದೇ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ರೂಢಿ, ಒಂದು ಭುಜ ತಗ್ಗಿರುವವರಿಗೆ ಅದರಿಂದ ಒಂದು ಕಫ್ ಕಂಡು ಇನ್ನೊಂದು ಮಾಯವಾಗುತ್ತದೆ. ಕತ್ತರಿಸಿದ ಮೇಲೂ ಒಂದೂವರೆ, ಎರಡು ಸೆಂ.ಮೀ. ಬಟ್ಟೆ ಒಳಗೆ ಮಡಿಸಿಡಲು ಹೇಳಿ. ಕತ್ತರಿಸುವ ಮೊದಲು ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡುವ ಟೈಲರ್ ಸಿಕ್ಕರೆ ಬಿಡಬೇಡಿ.

ಹೆಂಗಸರ ಬ್ಲೇಜರಿನಲ್ಲಿ

ಲೆಕ್ಕ ಅದೇ, ಮೂರು ಕಡೆ ವ್ಯತ್ಯಾಸ. ಪಟ್ಟಿಯ ಮೇಲಿನ ಸಂಖ್ಯೆ ಇಲ್ಲಿ ಇಂಚಿಗೆ ಸಂಬಂಧಿಸಿದ್ದಲ್ಲ, ಒಂದೊಂದು ಕಂಪನಿಗೆ ಒಂದೊಂದು ಅರ್ಥ. ಟೇಪಿನ ಅಳತೆಯನ್ನೇ ನಂಬಬೇಕು. ಶರ್ಟಿನ ಕಫ್ ಕಾಣಲೇಬೇಕೆಂಬ ಕಟ್ಟಳೆ ಇಲ್ಲ. ತೋಳು ಮಣಿಕಟ್ಟಿನ ಮೂಳೆಯ ಮೇಲೆ ಅಥವಾ ಅದರಿಂದ ಒಂದು ಸೆಂ.ಮೀ. ಕೆಳಗೆ ಮುಗಿದರೆ ಸಾಕು. ಭುಜದ ಹೊಲಿಗೆಯನ್ನು ಬೇಕೆಂದೇ ಮೂರು ನಾಲ್ಕು ಸೆಂ.ಮೀ. ಕೆಳಗಿಳಿಸಿದ ಸಡಿಲ ಶೈಲಿಯ ಬ್ಲೇಜರುಗಳು ಇವೆ. ಅವು ಚೆನ್ನಾಗಿಯೇ ಕಾಣಬಹುದು, ಆದರೆ ಮೊದಲ ಔಪಚಾರಿಕ ಬ್ಲೇಜರಿಗೆ ಬೇಡ. ಅದು ಶೈಲಿಯೋ ಅಳತೆ ತಪ್ಪಿದ್ದೋ ಎಂದು ಎದುರಿಗಿರುವವರಿಗೆ ತಿಳಿಯುವುದಿಲ್ಲ.

ಭುಜ ಮೊದಲು ಎಂಬ ನಿಯಮ ಇಲ್ಲಿ ಒಂದು ಕಡೆ ಸೋಲುತ್ತದೆ. ಭುಜ ಕಿರಿದು, ಎದೆ ತುಂಬಿದವರಿಗೆ ಭುಜ ಹೊಂದುವ ಸೈಜಿನಲ್ಲಿ ಮುಂದಿನ ಗುಂಡಿ ಎಳೆಯುತ್ತದೆ, ಗುಂಡಿಯ ಸುತ್ತ ಗುಣಾಕಾರ ಚಿಹ್ನೆಯಂತೆ ನಾಲ್ಕು ಗೆರೆ ಬೀಳುತ್ತವೆ. ಪಕ್ಕದ ಹೊಲಿಗೆಯೊಳಗೆ ಒಂದೊಂದು ಬದಿಗೆ ಒಂದೂವರೆ ಸೆಂ.ಮೀ. ಬಟ್ಟೆ ಇದ್ದರೆ ಬಿಡಿಸಿ ನೋಡಬಹುದು. ಇಲ್ಲದಿದ್ದರೆ ಒಂದು ಸೈಜ್ ದೊಡ್ಡದು ಕೊಂಡು ಭುಜವನ್ನು ಒಂದು ಸೆಂ.ಮೀ. ಒಳಗೆ ಹಿಡಿಸುವುದು ಖರ್ಚಿಗೆ ತಕ್ಕ ಕೆಲಸ. ಭುಜದ ಆಲ್ಟರೇಷನ್ ಮಾಡಿಸಿ ಎಂದು ಹೇಳಬಹುದಾದ ಸಂದರ್ಭ ಇದೊಂದೇ. ಅದನ್ನು ಕೋಟು ಹೊಲಿಯುವವರ ಕೈಗೇ ಕೊಡಿ. ಭುಜ ಒಳಗೆ ಸರಿದಷ್ಟು ತೋಳು ಮೇಲೇರುತ್ತದೆ ಎಂಬುದು ನೆನಪಿರಲಿ, ತೋಳನ್ನು ಮೊದಲೇ ಕತ್ತರಿಸಿಬಿಟ್ಟಿದ್ದರೆ ಗಿಡ್ಡವಾಯಿತೆಂದೇ ಲೆಕ್ಕ.

ರೆಡಿಮೇಡೋ, ಹೊಲಿಸುವುದೋ

ಭುಜ ಎರಡೂ ಬದಿ ಹೆಚ್ಚು ಕಡಿಮೆ ಒಂದೇ ಎತ್ತರವಿದ್ದು, ಯಾವುದಾದರೂ ಒಂದು ಸೈಜ್ ಭುಜಕ್ಕೆ ಹೊಂದುವುದಾದರೆ ರೆಡಿಮೇಡ್ ಸಾಕು. ಹಾಕಿ, ಕುಳಿತು, ಕೈಚಾಚಿ ನೋಡಿದ ಮೇಲೆ ಕೊಳ್ಳುತ್ತೀರಿ ಎಂಬುದೇ ಅದರ ದೊಡ್ಡ ಅನುಕೂಲ. ಹೊಲಿಸಿದ ಬ್ಲೇಜರ್ ಭುಜಕ್ಕೆ ಚೆನ್ನಾಗಿ ಕೂರಬಹುದು, ಆದರೆ ಅದು ಹೇಗೆ ಬರುತ್ತದೆ ಎಂದು ತಿಳಿಯುವುದು ಬಟ್ಟೆ ಕತ್ತರಿಸಿದ ಮೇಲೆ. ನಡುವೆ ಕನಿಷ್ಠ ಒಂದು ಟ್ರಯಲ್, ತೋಳು ಕಚ್ಚಾ ಹೊಲಿಗೆಯಲ್ಲಿರುವಾಗಲೇ, ಕೊಡುತ್ತಾರೆಯೇ ಎಂದು ಕೇಳಿ. ಟ್ರಯಲ್ ಇಲ್ಲದೆ ನೇರವಾಗಿ ಮುಗಿಸಿ ಕೊಡುವವರಲ್ಲಿ ಮೊದಲ ಬ್ಲೇಜರ್ ಹೊಲಿಸುವುದಕ್ಕಿಂತ ರೆಡಿಮೇಡೇ ವಾಸಿ. ಒಂದು ಭುಜ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ತಗ್ಗಿದ್ದರೆ, ಬೆನ್ನು ಮುಂದಕ್ಕೆ ಬಾಗಿದ್ದರೆ, ಅಥವಾ ಭುಜಕ್ಕೂ ಎದೆಗೂ ಎರಡು ಸೈಜಿನ ಅಂತರವಿದ್ದರೆ ಮಾತ್ರ ಹೊಲಿಸುವ ಕಡೆಗೆ ವಾಲಿ, ಅದಕ್ಕೆ ವಾರಗಟ್ಟಲೆ ಸಮಯ ಇಟ್ಟುಕೊಳ್ಳಿ. ಬಾಡಿಗೆಗೆ ತರುವುದಾದರೆ ತೋಳು ಕತ್ತರಿಸುವಂತಿಲ್ಲ. ಆಗ ಭುಜ, ತೋಳು ಎರಡೂ ಇದ್ದ ಹಾಗೆಯೇ ಹೊಂದಬೇಕು, ಆ ಅದೃಷ್ಟ ಕಡಿಮೆ.

ಬಟ್ಟೆ, ಬಣ್ಣದ ವಿಷಯ ಇಷ್ಟೇ: ಕಡು ನೀಲಿ ಅಥವಾ ಇದ್ದಿಲ ಬೂದು, ಹೊಳಪಿಲ್ಲದ್ದು. ಎದೆಯ ಮುಂಭಾಗವನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡಿ. ಸುಕ್ಕು ತಾನಾಗಿ ಬಿಡಿಸಿಕೊಳ್ಳುತ್ತಾ ಹೋದರೆ ಪ್ರಯಾಣ ಮಾಡಿ ಹೋಗಿ ಕುಳಿತರೂ ಮಾನವಾಗಿ ಕಾಣುತ್ತದೆ.

ಆಲ್ಟರೇಷನ್ ಮುಗಿದು ಕೈಗೆ ಬಂದ ದಿನ ಸಂದರ್ಶನದ ಶರ್ಟಿನೊಡನೆ ಹಾಕಿ ಮತ್ತೊಮ್ಮೆ ನೋಡಿ, ಸಂದರ್ಶನಕ್ಕೆ ಇನ್ನೂ ನಾಲ್ಕೈದು ದಿನ ಉಳಿದಿರುವಾಗ. ಎರಡು ಕಫುಗಳೂ ಒಂದೇ ಅಳತೆಗೆ ಕಾಣುತ್ತಿವೆಯೇ, ಗುಂಡಿಗಳು ಅಂಚಿನಿಂದ ಮೊದಲಿನಷ್ಟೇ ದೂರವಿವೆಯೇ, ತೋಳಿನೊಳಗಿನ ಲೈನಿಂಗ್ ಹೊರಗೆ ಇಣುಕುತ್ತಿಲ್ಲವೇ ಅಥವಾ ಗಿಡ್ಡವಾಗಿ ತೋಳನ್ನು ಒಳಗೆ ಎಳೆಯುತ್ತಿಲ್ಲವೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಹಿಂದಿನ ಸೀಳನ್ನು ಹಿಡಿದಿಟ್ಟ ಅಡ್ಡ ದಾರ, ತೋಳಿನ ಹೊರಬದಿಗೆ ಹೊಲಿದ ಕಂಪನಿಯ ಪಟ್ಟಿ, ಜೇಬಿನ ಬಾಯಿಗೆ ಹಾಕಿದ ಕಚ್ಚಾ ಹೊಲಿಗೆ, ಈ ಮೂರನ್ನೂ ಸಣ್ಣ ಕತ್ತರಿಯಿಂದ ತೆಗೆಯಿರಿ. ಆಮೇಲೆ ತಂತಿಯ ಹ್ಯಾಂಗರಿಗೆ ಹಾಕಬೇಡಿ, ಭುಜದಷ್ಟೇ ಅಗಲವಾದ, ತುದಿ ದಪ್ಪಗಿರುವ ಹ್ಯಾಂಗರಿನಲ್ಲಿ ತೂಗುಹಾಕಿ. ತೆಳು ಹ್ಯಾಂಗರ್ ಪ್ಯಾಡಿನ ಕೆಳಗೆ ಚುಚ್ಚಿ, ಅಷ್ಟು ಹುಡುಕಿ ಆರಿಸಿದ ಭುಜದಲ್ಲೇ ಗುಳಿ ಮೂಡಿಸುತ್ತದೆ.